ಹೊಸಬರ ತೊಂಬತ್ತು ದಿನ, ಮ್ಯಾನೇಜರರ ಕ್ಯಾಲೆಂಡರ್

ಹೊಸಬರಿಗೆ ಮೂರು ತಿಂಗಳು ಎಂಬ ಗಡುವು ನಮ್ಮಲ್ಲಿ ‘ತೊಂಬತ್ತು ದಿನ’ದ ಮ್ಯಾನೇಜ್‌ಮೆಂಟ್ ಪುಸ್ತಕಗಳಿಗಿಂತ ಹಳೆಯದು. 1946ರ ಕೇಂದ್ರ ಸ್ಥಾಯಿ ಆದೇಶ ನಿಯಮಗಳ ಮಾದರಿಯ ಪ್ರಕಾರ, ಕಾಯಂ ಹುದ್ದೆಗೆ ತಾತ್ಕಾಲಿಕವಾಗಿ ಸೇರಿ ಇನ್ನೂ ಮೂರು ತಿಂಗಳು ತುಂಬದ ಕೆಲಸಗಾರನೇ ‘ಪ್ರೊಬೇಷನರ್’ ಆಗಿದ್ದ. ಅಲ್ಲಿ ಪರೀಕ್ಷೆ ಹೊಸಬನಿಗೆ ಮಾತ್ರ. ಅವನ ಮೇಲಿನವರು ಆ ಮೂರು ತಿಂಗಳು ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಕೇಳಿದ್ದು 1960ರ ದಶಕದಲ್ಲಿ, ಅಮೆರಿಕದ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಾರ್ಖಾನೆಯಲ್ಲಿ. ಸರ್ಕ್ಯೂಟ್ ಜೋಡಿಸುವ ಕೆಲಸಕ್ಕೆ ಸೇರಿದ ಹೆಣ್ಣುಮಕ್ಕಳಿಗೆ ಕೆಲಸ ಕಲಿಯಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಅದೇ ಕಂಪನಿಯ ಅರ್ಲ್ ಗೊಮರ್ಸಾಲ್ ಮತ್ತು ಸ್ಕಾಟ್ ಮಯರ್ಸ್ ಆ ಹೆಣ್ಣುಮಕ್ಕಳನ್ನೇ ಕೂರಿಸಿಕೊಂಡು ಮಾತಾಡಿಸಿದಾಗ ತಿಳಿದದ್ದು, ಅಡ್ಡ ಬಂದದ್ದು ದಡ್ಡತನವಲ್ಲ, ಅಂಜಿಕೆ ಎಂದು. ಹಳಬರು ಗೇಲಿ ಮಾಡಿ ಹೆದರಿಸುತ್ತಿದ್ದರು. ಸೂಪರ್‌ವೈಸರನ್ನು ಕೇಳಲು ಹೊಸಬರಿಗೆ ಸಂಕೋಚ. ತಮಗೇ ಉತ್ತರ ಗೊತ್ತಿಲ್ಲದೆ ಹೋದರೆ ಎಂಬ ಅಳುಕು ಸೂಪರ್‌ವೈಸರ್‌ಗಳಿಗೂ ಇತ್ತು.

ಗೊಮರ್ಸಾಲ್ ಮತ್ತು ಮಯರ್ಸ್ ಒಂದು ಗುಂಪಿನ ಮೊದಲ ದಿನವನ್ನು ಪೂರ್ತಿ ಬದಲಿಸಿದರು. ಆ ದಿನ ಕೆಲಸ ಇಲ್ಲ, ನಾಲ್ಕು ಮಾತು ಮಾತ್ರ. ನೀವು ಕಲಿತೇ ಕಲಿಯುತ್ತೀರಿ, ಇಲ್ಲಿದೆ ನೋಡಿ ಅಂಕಿಅಂಶ. ಓಣಿಯ ಹರಟೆಗೆ ಕಿವಿಗೊಡಬೇಡಿ. ನೀವೇ ಮೊದಲು ಬಾಯಿ ಬಿಡಿ. ಸೂಪರ್‌ವೈಸರರ ಪರಿಚಯ ಮಾಡಿಕೊಳ್ಳಿ. ಆ ಪರಿಚಯವನ್ನು ಕೊಟ್ಟ ರೀತಿ ನನಗೆ ತುಂಬ ಹಿಡಿಸಿತು: ಈತ ಕಟ್ಟುನಿಟ್ಟು, ಆದರೆ ಸ್ನೇಹದ ಮನುಷ್ಯ, ಮೀನು ಹಿಡಿಯುವುದು, ಹ್ಯಾಮ್ ರೇಡಿಯೊ ಇವನ ಹವ್ಯಾಸ, ಸ್ವಲ್ಪ ನಾಚಿಕೆ ಸ್ವಭಾವ, ನೀವಾಗಿ ಮಾತಾಡಿಸಿದರೆ ಖುಷಿಪಡುತ್ತಾನೆ. 1966ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಫಲಿತಾಂಶ ಪ್ರಕಟವಾಯಿತು. ಕಲಿಕೆಯ ಅವಧಿ ಅರ್ಧಕ್ಕೆ ಇಳಿದಿತ್ತು, ಗೈರುಹಾಜರಿಯೂ ಹಾಗೆಯೇ.

ಆಮೇಲೆ ವಿಷಯ ವಿಶ್ವವಿದ್ಯಾಲಯಗಳ ಕೈಗೆ ಹೋಯಿತು. 1979ರಲ್ಲಿ ಜಾನ್ ವ್ಯಾನ್ ಮಾನೆನ್ ಮತ್ತು ಎಡ್ಗರ್ ಶೈನ್ ಸಂಸ್ಥೆಗಳು ಹೊಸಬರನ್ನು ಒಳಗೆ ಕರೆದುಕೊಳ್ಳುವ ಬಗೆಗಳನ್ನು ಆರು ಜೋಡಿಗಳಾಗಿ ವಿಂಗಡಿಸಿದರು. ಹಳಬರೊಬ್ಬರ ಬೆನ್ನಿಗೆ ಬಿಡುವುದೋ, ದಾರಿ ತೋರಿಸುವವರಿಲ್ಲದೆ ಬಿಡುವುದೋ ಎಂಬುದು ಅದರಲ್ಲೊಂದು. 2007ರಲ್ಲಿ ತಾಲ್ಯಾ ಬಾವರ್ ಮತ್ತು ಸಂಗಡಿಗರು ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಅಳೆದರು. ತನ್ನ ಕೆಲಸ ಏನೆಂಬ ಸ್ಪಷ್ಟತೆ, ಅದು ತನ್ನಿಂದಾಗುತ್ತದೆಂಬ ಧೈರ್ಯ, ಜೊತೆಯವರು ತನ್ನನ್ನು ಒಪ್ಪಿಕೊಂಡಿದ್ದಾರೆಂಬ ಭಾವ, ಈ ಮೂರೂ ಹೊಸಬರು ನೆಲೆಯೂರಿದ್ದಕ್ಕೆ ಗುರುತು ಎಂದರು. ಈ ನಡುವೆ 2003ರಲ್ಲಿ ಬಂದ ಮೈಕಲ್ ವಾಟ್ಕಿನ್ಸ್ ಅವರ ‘ದಿ ಫಸ್ಟ್ 90 ಡೇಸ್’ ತೊಂಬತ್ತನ್ನು ಆಫೀಸುಗಳಲ್ಲಿ ಮನೆಮಾತಾಗಿಸಿತು. ಆದರೆ ಅದು ಹೊಸ ಹುದ್ದೆಗೇರಿದವರು ತಮಗಾಗಿ ಓದಿಕೊಳ್ಳುವ ಪುಸ್ತಕ. ಅವರನ್ನು ಬರಮಾಡಿಕೊಳ್ಳುವ ಮ್ಯಾನೇಜರು ಅದನ್ನು ತಿರುವಿ ಓದಬೇಕು.

ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ವಿಪ್ರೋದ ಬಿಪಿಒ ವಿಭಾಗದಲ್ಲಿ ನಡೆದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಡ್ಯಾನ್ ಕೇಬಲ್, ಫ್ರಾನ್ಸೆಸ್ಕಾ ಜಿನೊ, ಬ್ರಾಡ್ಲಿ ಸ್ಟಾಟ್ಸ್ ಅದರ ಲೇಖಕರು. ಕಾಲ್ ಸೆಂಟರಿಗೆ ಸೇರಿದ ಕೆಲವರಿಗೆ ಮೊದಲ ದಿನ ಒಂದು ಗಂಟೆ ಕಂಪನಿಯ ಹಿರಿಮೆ ಹೇಳಿ, ಕಂಪನಿಯ ಹೆಸರಿದ್ದ ಬ್ಯಾಡ್ಜು, ಸ್ವೆಟ್‌ಶರ್ಟ್ ಕೊಟ್ಟರು. ಇನ್ನು ಕೆಲವರಿಗೆ, ನಿಮ್ಮ ಕೈಗೆ ಚೆನ್ನಾಗಿ ಹತ್ತುವ ಕೆಲಸ ಯಾವುದು, ಅದನ್ನು ಇಲ್ಲಿ ಹೇಗೆ ಬಳಸುತ್ತೀರಿ ಎಂದು ಕೇಳಿ, ಅವರವರ ಹೆಸರು ಹಾಕಿದ್ದನ್ನೇ ಕೊಟ್ಟರು. ಆರು ತಿಂಗಳ ಬಳಿಕ ನೋಡಿದರೆ ಎರಡನೆಯ ಗುಂಪಿನಲ್ಲಿ ಕೆಲಸ ಬಿಟ್ಟವರು ಕಡಿಮೆ. ಹಾಗೆಂದು ಎಲ್ಲ ಕೆಲಸಕ್ಕೂ ಇದೇ ಲೆಕ್ಕ ಅನ್ನಲಾರೆ. ಕಾಲ್ ಸೆಂಟರಿನಲ್ಲಿ ಬಂದುಹೋಗುವವರ ಸಂಖ್ಯೆಯೇ ಬೇರೆ.

ಭಾರ ನೇರವಾಗಿ ಮ್ಯಾನೇಜರರ ಹೆಗಲಿಗೆ ಬಂದದ್ದು ಗೂಗಲ್‌ನಲ್ಲಿ. ಅಲ್ಲಿ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ 2015ರ ತಮ್ಮ ಪುಸ್ತಕದಲ್ಲಿ ಇದನ್ನು ಹೇಳುತ್ತಾರೆ. ಹೊಸಬರು ಸೇರುವ ಹಿಂದಿನ ಭಾನುವಾರ ಮ್ಯಾನೇಜರಿಗೆ ಒಂದು ಈಮೇಲ್ ಹೋಗುತ್ತಿತ್ತು. ಅದರಲ್ಲಿ ಐದು ಕೆಲಸ: ಜವಾಬ್ದಾರಿಯ ಬಗ್ಗೆ ಕೂತು ಮಾತಾಡಿ, ಜೊತೆಗೊಬ್ಬ ಸಹೋದ್ಯೋಗಿಯನ್ನು ಗೊತ್ತುಮಾಡಿ, ಸುತ್ತಲಿನವರ ಪರಿಚಯ ಮಾಡಿಸಿ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಭೇಟಿ ಇಟ್ಟುಕೊಳ್ಳಿ, ಮುಚ್ಚುಮರೆಯಿಲ್ಲದ ಮಾತಿಗೆ ಅವಕಾಶ ಕೊಡಿ. ಅಷ್ಟು ಮಾಡಿದ ಮ್ಯಾನೇಜರರ ಕೈಕೆಳಗಿನ ಹೊಸಬರು ಉಳಿದವರಿಗಿಂತ ಶೇ. 25ರಷ್ಟು ಬೇಗ ಪಳಗಿದರು ಎಂದು ಬಾಕ್ ಬರೆಯುತ್ತಾರೆ. ಇದು ಕಂಪನಿಯೇ ಮಾಡಿಕೊಂಡ ಅಳತೆ ಎನ್ನುವುದು ನೆನಪಿರಲಿ. ಆದರೂ ಆ ಭಾನುವಾರ ನನಗೆ ಮುಖ್ಯವೆನಿಸುತ್ತದೆ. ಬುಧವಾರ ಬಂದಿದ್ದರೆ ಅದೇ ಪತ್ರ ಓದದೆ ಕೊಳೆಯುತ್ತಿತ್ತು.

ಇದೆಲ್ಲ ಓದುವ ಮುನ್ನ ನಾನೊಂದು ಸಣ್ಣ ಕಂಪನಿಯ ಅಕೌಂಟ್ಸ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಹುಡುಗನೊಬ್ಬ ಸೇರಿದ. ಮೊದಲ ವಾರ ಹಳೆಯ ಫೈಲು ಓದು ಎಂದು ಕೊಟ್ಟೆ. ಎರಡನೆಯ ತಿಂಗಳು ಒಬ್ಬ ಸಪ್ಲೈಯರಿಗೆ ₹64,000 ಎರಡು ಸಲ ಹೋಯಿತು. ಒಂದೇ ಬಿಲ್ಲು ಈಮೇಲಿನಲ್ಲಿ ಪಿಡಿಎಫ್ ಆಗಿ ಬಂದಿತ್ತು, ಕೊರಿಯರಿನಲ್ಲೂ ಬಂದಿತ್ತು. ಒಂದಕ್ಕೆ 045 ಎಂದೂ ಇನ್ನೊಂದಕ್ಕೆ 45 ಎಂದೂ ಎಂಟ್ರಿ ಬಿದ್ದದ್ದರಿಂದ ಸಾಫ್ಟ್‌ವೇರ್ ಎರಡನ್ನೂ ಬೇರೆ ಬೇರೆ ಬಿಲ್ಲೆಂದು ತಿಳಿಯಿತು. ಹುಡುಗನಿಗೆ ಅನುಮಾನ ಬಂದಿತ್ತಂತೆ. “ಸರ್, ಕೇಳೋಣ ಅಂತ ಎರಡು ಸಲ ಬಂದೆ, ನೀವು ಫೋನಲ್ಲಿ ಇದ್ರಿ,” ಅಂದ. ಟೆಕ್ಸಸ್‌ನ ಸೂಪರ್‌ವೈಸರ್ ಕೊನೆಗೆ ನಾಚಿಕೆಯವನಾದರೂ ಆಗಿದ್ದ. ನಾನು ಬರೀ ಬ್ಯುಸಿ.

ಅಂದಿನಿಂದ ಹೊಸಬರ ಯೋಜನೆಯನ್ನು ನನ್ನ ಕ್ಯಾಲೆಂಡರಿನಲ್ಲೇ ಬರೆಯುತ್ತೇನೆ. ಅಕೌಂಟ್ಸ್‌ನಲ್ಲಿ ತೊಂಬತ್ತು ದಿನವೆಂದರೆ ಮೂರು ಸುತ್ತು. ತಿಂಗಳ 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ. ಜುಲೈ 1ಕ್ಕೆ ಸೇರಿದವರು ಮೊದಲ ಸುತ್ತಿನಲ್ಲಿ ಹಳಬರ ಪಕ್ಕ ಕೂತು ನೋಡುತ್ತಾರೆ, ದಿನಕ್ಕೆ ಹತ್ತು ಬಿಲ್ಲು ಮಾತ್ರ ತಾವೇ ಎಂಟ್ರಿ ಹಾಕುತ್ತಾರೆ. ಆಗಸ್ಟಿನಲ್ಲಿ ಕೆಲಸ ಅವರದು, ಕಳಿಸುವ ಮುನ್ನ ಪರಿಶೀಲನೆ ನನ್ನದು. ಸೆಪ್ಟೆಂಬರಿನಲ್ಲಿ ಅವರೇ ಮುಗಿಸುತ್ತಾರೆ. ನಾನು ಅಲ್ಲಲ್ಲಿ ಹೆಕ್ಕಿ ನೋಡುತ್ತೇನೆ. 22ನೇ ತಾರೀಖು ಸೇರಿಸಿಕೊಳ್ಳುವುದನ್ನು ಬಿಟ್ಟೇಬಿಟ್ಟೆ. ಹೆಸರು, ಕುರ್ಚಿ ಗೊತ್ತಾಗುವ ಹೊತ್ತಿಗೆ ತಿಂಗಳ ಕೊನೆಯ ಗಡಿಬಿಡಿ ತಲೆಮೇಲೆ ಬಂದಿರುತ್ತದೆ, ಕಲಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ.

ದಿನವೂ ನಾಲ್ಕೂವರೆಗೆ ಹದಿನೈದು ನಿಮಿಷ ಫೋನು ಡ್ರಾಯರಿನಲ್ಲಿಡುತ್ತೇನೆ. ಆಗ ಬರುವ ಪ್ರಶ್ನೆಗಳೇ ನನ್ನ ಅಳತೆಗೋಲು. ಮೊದಲ ಸುತ್ತಿನಲ್ಲಿ “ಇದು ಎಲ್ಲಿದೆ?” ಎನ್ನುವವರು ಎರಡನೆಯದರಲ್ಲಿ “ಈ ಬಿಲ್ಲು 2ಬಿಯಲ್ಲಿ ಯಾಕಿಲ್ಲ, ಕ್ರೆಡಿಟ್ ತಗೊಳ್ಳಬಹುದಾ?” ಎಂದು ಕೇಳಬೇಕು. ಆಗಸ್ಟ್ ಮಧ್ಯಕ್ಕೂ ಮೊದಲಿನದೇ ಪ್ರಶ್ನೆ ಬಂದರೆ ಕಲಿಸಿದ ಕ್ರಮದಲ್ಲೇ ಲೋಪ. ಪ್ರಶ್ನೆಯೇ ನಿಂತರೆ ಅದಕ್ಕಿಂತ ಅಪಾಯ. ಆ ಸಂಜೆಯೇ ಅವರ ಎಂಟ್ರಿಗಳನ್ನು ತೆರೆದು ನೋಡುತ್ತೇನೆ.

ಈ ಯೋಜನೆಗೂ ಒಂದು ಮಿತಿಯಿದೆ. ತ್ರೈಮಾಸಿಕ ಟಿಡಿಎಸ್ ರಿಟರ್ನ್ ಜುಲೈ 31ಕ್ಕೊಮ್ಮೆ ಬರುತ್ತದೆ, ಅದನ್ನು ಹೊಸಬರು ನೋಡುವುದಷ್ಟೇ. ಮುಂದಿನದು ಅಕ್ಟೋಬರ್ 31ಕ್ಕೆ, ಆಗ ತೊಂಬತ್ತು ದಿನ ಮುಗಿದು ಒಂದು ತಿಂಗಳಾಗಿರುತ್ತದೆ. ಎಚ್‌ಆರ್‌ನವರು ಸೆಪ್ಟೆಂಬರ್ ಕೊನೆಗೆ ಕಾಯಂ ಪತ್ರಕ್ಕೆ ಸಹಿ ಕೇಳುತ್ತಾರೆ, ಹಾಕಿಕೊಡುತ್ತೇನೆ. ನಾಲ್ಕೂವರೆಯ ಹದಿನೈದು ನಿಮಿಷವನ್ನು ಮಾತ್ರ ಅಕ್ಟೋಬರ್ 31ರವರೆಗೂ ಕ್ಯಾಲೆಂಡರಿನಿಂದ ತೆಗೆಯುವುದಿಲ್ಲ.