ಮುಪ್ಪು ಮತ್ತು ಬುದ್ಧಿಶಕ್ತಿ: ದ್ರವ ಬುದ್ಧಿ, ಹರಳುಗಟ್ಟಿದ ಬುದ್ಧಿ ಎಂಬ ವಿಂಗಡಣೆಯ ಇತಿಹಾಸ

ಹಿಂದೆಂದೂ ಕಂಡಿರದ ಸಮಸ್ಯೆಯೊಂದು ಎದುರಾದಾಗ ಅದರೊಳಗಿನ ಸಂಬಂಧಗಳನ್ನು ಆಗಲೇ ಗುರುತಿಸಿ ಬಿಡಿಸುವ ಶಕ್ತಿಗೆ ಮನಶ್ಶಾಸ್ತ್ರದಲ್ಲಿ ದ್ರವ ಬುದ್ಧಿ ಎಂದು ಹೆಸರು. ಓದು, ಕಸುಬು, ಭಾಷೆ, ಲೋಕವ್ಯವಹಾರಗಳಿಂದ ವರ್ಷಾನುಗಟ್ಟಲೆ ಕೂಡಿಬಂದ ತಿಳಿವಳಿಕೆಯನ್ನು ಬಳಸುವ ಶಕ್ತಿ ಹರಳುಗಟ್ಟಿದ ಬುದ್ಧಿ. ಮೊದಲನೆಯದು ಯೌವನದಲ್ಲೇ ತುದಿ ಮುಟ್ಟಿ ಇಳಿಯತೊಡಗುತ್ತದೆ, ಎರಡನೆಯದು ಅರವತ್ತು ದಾಟಿದರೂ ನಿಲ್ಲುತ್ತದೆ ಎಂಬುದು ಪಠ್ಯಪುಸ್ತಕಗಳ ಸಾರ. ಈ ಮಾತು ಸುಳ್ಳಲ್ಲ. ಆದರೆ ಇಳಿತ ಎಷ್ಟು, ಯಾವಾಗ, ಯಾರಲ್ಲಿ ಎಂಬ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳು ಕಳೆದ ನೂರು ವರ್ಷಗಳಲ್ಲಿ ಹಲವು ಬಾರಿ ಬದಲಾಗಿವೆ. ಅಳೆಯುವ ವಿಧಾನ ಬದಲಾದಂತೆ ಮುಪ್ಪಿನ ಚಿತ್ರವೂ ಬದಲಾಯಿತು. ವಯಸ್ಸಾದವರ ಬಗ್ಗೆ ಇಂದು ನಂಬಿಕೊಂಡಿರುವ ಹಲವು ಸಂಗತಿಗಳು ವಯಸ್ಸಿನ ಪರಿಣಾಮವನ್ನೂ ಹುಟ್ಟಿದ ಕಾಲದ ಪರಿಣಾಮವನ್ನೂ ಒಂದಾಗಿ ಎಣಿಸಿದ್ದರಿಂದ ಬಂದವು. ಈ ಇತಿಹಾಸದ ಮುಖ್ಯ ಪಾಠ ಅದೇ.

ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಹದಿನೇಳು ಲಕ್ಷಕ್ಕೂ ಹೆಚ್ಚು ಜನರಿಗೆ ಬುದ್ಧಿಪರೀಕ್ಷೆ ನಡೆಸಿತು. 1921ರಲ್ಲಿ ರಾಬರ್ಟ್ ಯರ್ಕೀಸ್ ಸಂಪಾದಿಸಿದ ವರದಿಯಲ್ಲಿ ವಯಸ್ಸಾದ ಅಧಿಕಾರಿಗಳ ಅಂಕಗಳು ಕಿರಿಯರಿಗಿಂತ ಕಡಿಮೆ ಇದ್ದವು. 1933ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮನಶ್ಶಾಸ್ತ್ರಜ್ಞರಾದ ಜೋನ್ಸ್ ಮತ್ತು ಕಾನ್ರಡ್ ಇದನ್ನೇ ಸಾಮಾನ್ಯ ಜನರಲ್ಲಿ ನೋಡಿದರು. ನ್ಯೂ ಇಂಗ್ಲೆಂಡಿನ ಹಳ್ಳಿಗಳಲ್ಲಿ ಉಚಿತ ಸಿನಿಮಾ ತೋರಿಸಿ ಜನರನ್ನು ಸೇರಿಸಿ, ಹತ್ತರಿಂದ ಅರವತ್ತು ವರ್ಷದ 1,191 ಮಂದಿಗೆ ಸೇನೆಯ ಅದೇ ಪರೀಕ್ಷೆ ಕೊಟ್ಟರು. ಒಟ್ಟು ಅಂಕ ಇಪ್ಪತ್ತರ ಆಸುಪಾಸಿನಿಂದ ಇಳಿಯುತ್ತಿತ್ತು. ಆದರೆ ಪರೀಕ್ಷೆಯ ಭಾಗಗಳನ್ನು ಬೇರೆಬೇರೆಯಾಗಿ ನೋಡಿದಾಗ ಸಾದೃಶ್ಯದ ಪ್ರಶ್ನೆಗಳಲ್ಲಿ ಇಳಿತ ತೀವ್ರವಾಗಿತ್ತು, ಪದಜ್ಞಾನ ಮತ್ತು ಸಾಮಾನ್ಯ ಜ್ಞಾನದಲ್ಲಿ ಇರಲೇ ಇಲ್ಲ. ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ಡೇವಿಡ್ ವೆಕ್ಸ್‌ಲರ್ 1939ರಲ್ಲಿ ವಯಸ್ಕರಿಗೆಂದೇ ಪರೀಕ್ಷೆ ರೂಪಿಸಿದಾಗ, ವಯಸ್ಸಿಗೆ ಜಗ್ಗದ ಉಪಪರೀಕ್ಷೆಗಳು, ಜಗ್ಗುವ ಉಪಪರೀಕ್ಷೆಗಳು ಎಂದು ಎರಡು ಗುಂಪು ಮಾಡಬೇಕಾಯಿತು. ಒಂದೇ ಅಂಕದಲ್ಲಿ ಹಿಡಿದಿಟ್ಟ ಬುದ್ಧಿ ಒಂದೇ ವಸ್ತುವಲ್ಲ ಎಂಬುದಕ್ಕೆ ಪುರಾವೆ ಹೀಗೆ, ಯಾರೂ ಹುಡುಕದೆಯೇ, ಕೂಡಿಬಂತು.

ಇದಕ್ಕೆ ಸಿದ್ಧಾಂತದ ರೂಪ ಬಂದದ್ದು 1940ರ ದಶಕದಲ್ಲಿ. ಮಾಂಟ್ರಿಯಲ್‌ನಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಗೆ ಒಳಗಾದವರನ್ನು ಪರೀಕ್ಷಿಸುತ್ತಿದ್ದ ಡೊನಾಲ್ಡ್ ಹೆಬ್‌ಗೆ ಒಂದು ವಿಚಿತ್ರ ಕಾಣಿಸಿತು. ಪ್ರಾಯಕ್ಕೆ ಬಂದ ಮೇಲೆ ಮೆದುಳಿಗೆ ಪೆಟ್ಟಾದವರಲ್ಲಿ ಪದಜ್ಞಾನ, ಮಾಹಿತಿ ಉಳಿದುಕೊಳ್ಳುತ್ತಿದ್ದವು. ಎಳವೆಯಲ್ಲೇ ಪೆಟ್ಟಾದವರಲ್ಲಿ ಅವು ಬೆಳೆಯುವುದೇ ಕಷ್ಟವಾಗುತ್ತಿತ್ತು. ತಿಳಿವಳಿಕೆಯನ್ನು ಕಟ್ಟಲು ಒಂದು ಶಕ್ತಿ ಬೇಕು, ಕಟ್ಟಿದ ಮೇಲೆ ಅದು ಆ ಶಕ್ತಿಯನ್ನು ಅಷ್ಟಾಗಿ ಅವಲಂಬಿಸುವುದಿಲ್ಲ ಎಂಬ ಊಹೆ ಇಲ್ಲಿಂದ ಬಂತು. ಬ್ರಿಟಿಷ್ ಮೂಲದ ರೇಮಂಡ್ ಕ್ಯಾಟೆಲ್ ಅದೇ ವರ್ಷಗಳಲ್ಲಿ ಇಂಥದೇ ತೀರ್ಮಾನಕ್ಕೆ ಬಂದಿದ್ದರು. ದ್ರವ, ಹರಳುಗಟ್ಟಿದ ಎಂಬ ಹೆಸರುಗಳು 1943ರ ಅವರ ಲೇಖನದಿಂದ ಪ್ರಚಾರಕ್ಕೆ ಬಂದವು. ಆಮೇಲೆ ಎರಡು ದಶಕ ಈ ವಿಚಾರ ಹೆಚ್ಚುಕಡಿಮೆ ಮೂಲೆಗುಂಪಾಗಿತ್ತು. ಕ್ಯಾಟೆಲ್ 1963ರಲ್ಲಿ ಮತ್ತೆ ಅದನ್ನು ಕೈಗೆತ್ತಿಕೊಂಡರು. ಅವರ ಶಿಷ್ಯ ಜಾನ್ ಹಾರ್ನ್ ಜೊತೆಗೂಡಿ 1966, 67ರಲ್ಲಿ ಬರೆದ ಲೇಖನಗಳು ಅದನ್ನು ವಯಸ್ಸಿನ ಸಿದ್ಧಾಂತವನ್ನಾಗಿಯೇ ಬೆಳೆಸಿದವು.

ಆದರೆ ಅಲ್ಲಿಯವರೆಗಿನ ಹೆಚ್ಚಿನ ವಕ್ರರೇಖೆಗಳಲ್ಲಿ ಒಂದು ದೋಷವಿತ್ತು. 1930ರಲ್ಲಿ ಇಪ್ಪತ್ತರ ಯುವಕನನ್ನೂ ಅರವತ್ತರ ಮುದುಕನನ್ನೂ ಒಂದೇ ದಿನ ಪರೀಕ್ಷಿಸಿದರೆ ಅವರ ನಡುವಿನ ವ್ಯತ್ಯಾಸ ವಯಸ್ಸಿನದು ಮಾತ್ರವಲ್ಲ. ಅರವತ್ತರವನು 1880ರ ಆಸುಪಾಸಿನ ಹಳ್ಳಿಶಾಲೆಯಲ್ಲಿ ಕೆಲವೇ ವರ್ಷ ಕೂತವನು. ಇಪ್ಪತ್ತರವನು ಹೈಸ್ಕೂಲು ಮುಗಿಸಿ, ಗುರುತು ಹಾಕುವ ಪರೀಕ್ಷೆಗಳಿಗೆ ಒಗ್ಗಿಕೊಂಡವನು. ಅದೇ ಮನುಷ್ಯನನ್ನು ಮತ್ತೆ ಪರೀಕ್ಷಿಸಿದಾಗ ಏನಾಗುತ್ತದೆ? ಅಯೋವಾದ ಕಾಲೇಜೊಂದಕ್ಕೆ 1919ರಲ್ಲಿ ಸೇರಿದ ವಿದ್ಯಾರ್ಥಿಗಳು ಸೇನೆಯ ಪರೀಕ್ಷೆ ಬರೆದಿದ್ದರು. ವಿಲಿಯಂ ಓವೆನ್ಸ್ ಸುಮಾರು ಮೂವತ್ತು ವರ್ಷಗಳ ನಂತರ ಅವರಲ್ಲಿ 127 ಮಂದಿಯನ್ನು ಹುಡುಕಿ ಅದೇ ಪರೀಕ್ಷೆ ಕೊಟ್ಟರು. 1953ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಐವತ್ತರ ಹತ್ತಿರ ಬಂದಿದ್ದ ಅವರ ಒಟ್ಟು ಅಂಕ ಇಳಿಯುವ ಬದಲು ಏರಿತ್ತು.

ಈ ಗೋಜಲನ್ನು ಬಿಡಿಸಲೆಂದೇ ವಿನ್ಯಾಸಗೊಂಡ ಅಧ್ಯಯನ ವಾರ್ನರ್ ಶೈ ಅವರದು. 1956ರಲ್ಲಿ ಸಿಯಾಟಲ್ ನಗರದ ಒಂದು ಸಹಕಾರಿ ಆರೋಗ್ಯ ಸಂಸ್ಥೆಯ ಸದಸ್ಯರಿಂದ, ಇಪ್ಪತ್ತರಿಂದ ಎಪ್ಪತ್ತರವರೆಗಿನ ಐನೂರು ಜನರನ್ನು ಆರಿಸಿ ಪದಗಳ ಅರ್ಥ, ತರ್ಕ, ಸಂಖ್ಯೆ, ಪದಗಳನ್ನು ಸರಾಗವಾಗಿ ನೆನೆಯುವುದು, ವಸ್ತುಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಶಕ್ತಿ ಎಂಬ ಐದನ್ನು ಅಳೆದರು. ಏಳು ವರ್ಷಕ್ಕೊಮ್ಮೆ ಅವರನ್ನೇ ಮತ್ತೆ ಕರೆದರು. ಪ್ರತಿ ಸಲವೂ ಎಲ್ಲ ವಯಸ್ಸಿನ ಹೊಸಬರ ಗುಂಪೊಂದನ್ನು ಸೇರಿಸಿದರು. ಇದರಿಂದ ವಯಸ್ಸಿನ ಪಾಲೆಷ್ಟು, ಹುಟ್ಟಿದ ಕಾಲದ ಪಾಲೆಷ್ಟು ಎಂದು ಬೇರ್ಪಡಿಸುವುದು ಸಾಧ್ಯವಾಯಿತು. ಒಂದೇ ದಿನದ ಹೋಲಿಕೆಯಲ್ಲಿ ಯೌವನದಿಂದಲೇ ಕುಸಿಯುತ್ತಿದ್ದ ತರ್ಕಶಕ್ತಿ, ಅದೇ ವ್ಯಕ್ತಿಗಳನ್ನು ಹಿಂಬಾಲಿಸಿದಾಗ ಅರವತ್ತರವರೆಗೆ ಹೆಚ್ಚೇನೂ ಕದಲಲಿಲ್ಲ. ಎಂಬತ್ತೊಂದರ ವಯಸ್ಸಿನಲ್ಲೂ, ಹಿಂದಿನ ಏಳು ವರ್ಷಗಳಲ್ಲಿ ಸ್ಪಷ್ಟ ಇಳಿತ ತೋರಿದವರು ಅರ್ಧಕ್ಕಿಂತ ಕಡಿಮೆ. ತಡವಾಗಿ ಹುಟ್ಟಿದ ಪೀಳಿಗೆಗಳು ತರ್ಕದಲ್ಲಿ ಮುಂದಿದ್ದವು. ಲೆಕ್ಕದಲ್ಲಿ ಮಾತ್ರ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಹುಟ್ಟಿದವರೇ ಮೊಮ್ಮಕ್ಕಳಿಗಿಂತ ವಾಸಿ.

ಈ ಆಶಾದಾಯಕ ಚಿತ್ರಕ್ಕೆ ಬಂದ ಆಕ್ಷೇಪ ಗಟ್ಟಿಯಾದದ್ದು, ಅದನ್ನು ತಳ್ಳಿಹಾಕುವಂತಿಲ್ಲ. ಏಳು ವರ್ಷಗಳ ನಂತರ ಮರಳಿ ಬರುವವರು ಯಾರು? ಆರೋಗ್ಯ ಚೆನ್ನಾಗಿರುವವರು, ಮೊದಲ ಸಲವೂ ಚೆನ್ನಾಗಿ ಬರೆದವರು. ಬಾರದೆ ಹೋದವರ ಅಂಕ ಮೊದಲಿನಿಂದಲೂ ಕಡಿಮೆಯಿತ್ತು ಎಂಬುದನ್ನು ಶೈ ಅವರ ದತ್ತಾಂಶವೇ ತೋರಿಸಿತು. ಜೊತೆಗೆ, ಪರೀಕ್ಷೆಯನ್ನು ಒಮ್ಮೆ ಬರೆದ ಅಭ್ಯಾಸ ಎರಡನೆಯ ಸಲ ಅಂಕವನ್ನು ಎತ್ತುತ್ತದೆ, ನಿಜವಾದ ಇಳಿತವನ್ನು ಮುಚ್ಚಿಡುತ್ತದೆ. ತಿಮೋತಿ ಸಾಲ್ಟ್‌ಹೌಸ್ 2009ರಲ್ಲಿ ಈ ವಾದವನ್ನು ಮುಂದಿಟ್ಟು, ಆರೋಗ್ಯವಂತ ವಿದ್ಯಾವಂತರಲ್ಲೂ ಕೆಲವು ಶಕ್ತಿಗಳ ಇಳಿತ ಇಪ್ಪತ್ತು, ಮೂವತ್ತರ ವಯಸ್ಸಿನಲ್ಲೇ ಶುರುವಾಗುತ್ತದೆ ಎಂದರು. ಹಳೆಯ ವಿಧಾನ ಇಳಿತವನ್ನು ಹಿಗ್ಗಿಸಿತು, ಹೊಸದು ಕುಗ್ಗಿಸಿತು. ಸತ್ಯ ಇವೆರಡರ ನಡುವೆ ಎಲ್ಲೋ ಇದೆ. ಆದರೆ ವೇಗದ ಮಟ್ಟಿಗೆ ಎರಡೂ ಪಕ್ಷಗಳಿಗೆ ಭಿನ್ನಾಭಿಪ್ರಾಯ ಕಡಿಮೆ. ಗುರುತುಗಳನ್ನು ಬೇಗ ಹೊಂದಿಸುವ ಶಕ್ತಿ ಎಲ್ಲಕ್ಕಿಂತ ಮೊದಲು, ಬಹುತೇಕ ಎಲ್ಲರಲ್ಲೂ ತಗ್ಗುತ್ತದೆ. ಹೊಸ ಸಮಸ್ಯೆಯಲ್ಲಿ ಮುದುಕರು ಸೋಲುವುದರಲ್ಲಿ ದೊಡ್ಡ ಪಾಲು ಈ ನಿಧಾನದ್ದೇ: ಕೊನೆಯ ಹೆಜ್ಜೆಗೆ ಬರುವಷ್ಟರಲ್ಲಿ ಮೊದಲ ಹೆಜ್ಜೆ ಮನಸ್ಸಿನಿಂದ ಜಾರಿರುತ್ತದೆ.

ಹಾಗಾದರೆ ಕಸುಬಿನಲ್ಲಿ ಪಳಗಿದವರು ನಿಧಾನವಾದರೂ ಹೇಗೆ ನಿಭಾಯಿಸುತ್ತಾರೆ? ಇದಕ್ಕೆ ಉತ್ತಮ ಉತ್ತರ 1984ರಲ್ಲಿ ಸಾಲ್ಟ್‌ಹೌಸ್ ಅವರೇ ಮಾಡಿದ ಟೈಪಿಸ್ಟರ ಅಧ್ಯಯನದಲ್ಲಿದೆ. ಹತ್ತೊಂಬತ್ತರಿಂದ ಎಪ್ಪತ್ತೆರಡು ವರ್ಷದ ಟೈಪಿಸ್ಟರನ್ನು ಅವರು ಎರಡು ಬಗೆಯಲ್ಲಿ ಪರೀಕ್ಷಿಸಿದರು. ಪರದೆಯ ಮೇಲೆ ಅಕ್ಷರ ಕಂಡೊಡನೆ ಕೀಲಿ ಒತ್ತಬೇಕೆಂದಾಗ ವಯಸ್ಸಾದವರು ಸ್ಪಷ್ಟವಾಗಿ ಹಿಂದೆ ಬಿದ್ದರು. ಆದರೆ ನಿಜವಾದ ಪಠ್ಯವನ್ನು ಟೈಪ್ ಮಾಡುವಾಗ ಅವರ ವೇಗ ಕಿರಿಯರಷ್ಟೇ ಇತ್ತು. ಕಾರಣ ಹುಡುಕಲು, ಟೈಪಿಸ್ಟರಿಗೆ ಮುಂದೆ ಕಾಣುವ ಅಕ್ಷರಗಳ ಸಂಖ್ಯೆಯನ್ನು ಕಡಿಮೆ ಮಾಡುತ್ತ ಹೋದರು. ಕಿರಿಯರ ವೇಗ ಹಾಗೇ ಉಳಿದ ಹಂತದಲ್ಲೇ ಹಿರಿಯರದು ತಗ್ಗತೊಡಗಿತು. ಹಿರಿಯರ ಕಣ್ಣು ಕಿರಿಯರದಕ್ಕಿಂತ ಹೆಚ್ಚು ಅಕ್ಷರಗಳಷ್ಟು ಬೆರಳಿಗಿಂತ ಮುಂದೆ ಓಡುತ್ತಿತ್ತು, ಬೆರಳಿನ ನಿಧಾನವನ್ನು ಕಣ್ಣಿನ ಮುನ್ನೋಟ ತುಂಬಿಕೊಡುತ್ತಿತ್ತು. ಅನುಭವವು ಕಳೆದುಹೋದ ವೇಗವನ್ನು ಹಿಂದಕ್ಕೆ ತರುವುದಿಲ್ಲ, ಬೇರೆ ದಾರಿಯಿಂದ ಅದೇ ಜಾಗ ತಲುಪಿಸುತ್ತದೆ. ಆ ದಾರಿ ಪರಿಚಿತ ಪರಿಸ್ಥಿತಿಗೆ ಅಂಟಿಕೊಂಡಿರುತ್ತದೆ ಎಂಬುದನ್ನೂ ಇದೇ ಪ್ರಯೋಗ ತೋರಿಸಿತು: ಮುಂದಿನ ಪಠ್ಯ ಮರೆಯಾದೊಡನೆ ಹಿರಿಯರ ಅನುಕೂಲವೂ ಮಾಯ. ಹಣಕಾಸಿನಲ್ಲೂ ಇಂಥ ಸಮತೋಲ ಕಾಣುತ್ತದೆ. ಸುಮಿತ್ ಅಗರ್ವಾಲ್ ಮತ್ತು ಸಂಗಡಿಗರು 2009ರಲ್ಲಿ ಅಮೆರಿಕದ ಸಾಲ, ಕ್ರೆಡಿಟ್ ಕಾರ್ಡುಗಳ ದಾಖಲೆ ಜಾಲಾಡಿದಾಗ, ದುಬಾರಿ ಬಡ್ಡಿ, ದಂಡಗಳಂಥ ತಪ್ಪುಗಳು ಅತಿ ಕಡಿಮೆ ಇದ್ದದ್ದು ಸುಮಾರು ಐವತ್ತಮೂರರ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅನುಭವದ ಏರಿಕೆ ಇಳಿತವನ್ನು ಮೀರುತ್ತದೆ, ಆಮೇಲೆ ಇಳಿತವೇ ಮೇಲುಗೈ.

ಎರಡನೆಯ ಆಕ್ಷೇಪ ಇತ್ತೀಚಿನದು, ಮೊದಲಿನದಕ್ಕಿಂತ ಆಳವಾದದ್ದು. ಒಂದು ಇಳಿದರೂ ಇನ್ನೊಂದು ಕೈಹಿಡಿಯುತ್ತದೆ ಎಂಬುದು ಸರಾಸರಿಗಳ ಕಥೆ. 2022ರಲ್ಲಿ ಎಲಿಯಟ್ ಟಕರ್-ಡ್ರಾಬ್ ಮತ್ತು ಸಂಗಡಿಗರು ಹಲವು ದೀರ್ಘಾವಧಿ ಅಧ್ಯಯನಗಳನ್ನು ಒಟ್ಟುಗೂಡಿಸಿ, ದ್ರವ ಬುದ್ಧಿಯನ್ನು ಹೆಚ್ಚು ಕಳೆದುಕೊಳ್ಳುವವರೇ ಹರಳುಗಟ್ಟಿದ ಬುದ್ಧಿಯಲ್ಲೂ ಕಡಿಮೆ ಗಳಿಸುತ್ತಾರೆ ಅಥವಾ ಹೆಚ್ಚು ಕಳೆದುಕೊಳ್ಳುತ್ತಾರೆ ಎಂದು ತೋರಿಸಿದರು. ಅಂದರೆ ಆಸರೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತದೆ. ಹಾರ್ನ್, ಕ್ಯಾಟೆಲ್ ವಿಂಗಡಣೆ ಇದರಿಂದ ಬಿದ್ದುಹೋಗುವುದಿಲ್ಲ, ಸರಾಸರಿ ರೇಖೆಗಳು ಬೇರೆಬೇರೆಯೇ. ಆದರೆ ಅನುಭವಿಗಳೆಂಬ ಒಂದೇ ಮಾತಿನಿಂದ ಎಲ್ಲ ಹಿರಿಯರ ಬಗ್ಗೆ ನಿಶ್ಚಿಂತರಾಗುವುದು ತಪ್ಪು ಎಂಬುದು ಖಚಿತವಾಯಿತು.

ತರಬೇತಿಯಿಂದ ಏನಾಗುತ್ತದೆ ಎಂಬುದಕ್ಕೂ ಅಳತೆಯಿದೆ. ಶೈ ಮತ್ತು ಶೆರಿ ವಿಲ್ಲಿಸ್ 1986ರಲ್ಲಿ, ಸಿಯಾಟಲ್ ಅಧ್ಯಯನದ ಅರವತ್ತು ದಾಟಿದವರಿಗೆ ತರ್ಕ ಅಥವಾ ಆಕಾರಗಳ ಕುರಿತು ಐದು ಗಂಟೆ ಕಲಿಸಿದರು. ಇಳಿತ ಕಂಡಿದ್ದವರಲ್ಲಿ ಶೇಕಡ 40ರಷ್ಟು ಮಂದಿ ಹದಿನಾಲ್ಕು ವರ್ಷ ಹಿಂದಿನ ಮಟ್ಟಕ್ಕೆ ಮರಳಿದರು. ಮುಂದೆ ಅಮೆರಿಕದಲ್ಲಿ ಅರವತ್ತೈದು ದಾಟಿದ 2,832 ಮಂದಿಯ ಮೇಲೆ ದೊಡ್ಡ ಪ್ರಯೋಗ ನಡೆಯಿತು. ತರ್ಕ ಮತ್ತು ವೇಗದ ತರಬೇತಿಯ ಲಾಭ ಹತ್ತು ವರ್ಷಗಳ ನಂತರವೂ ಉಳಿದಿತ್ತು, ಜ್ಞಾಪಕದ್ದು ಉಳಿಯಲಿಲ್ಲ. ಸುಧಾರಣೆ ಮುಖ್ಯವಾಗಿ ಕಂಡದ್ದು ಯಾವುದನ್ನು ಕಲಿತರೋ ಅದರಲ್ಲೇ. ಹಾಗಾಗಿ ಒಗಟು ಬಿಡಿಸುವುದರಿಂದ ಇಡೀ ಬುದ್ಧಿ ಚುರುಕಾಗುತ್ತದೆ ಎಂಬ ಮಾರಾಟದ ಮಾತಿಗೆ ಆಧಾರ ಸಾಲದು. ಫೋನಿನಲ್ಲಿ ಹಣ ಕಳಿಸುವುದನ್ನು ಕಲಿಯಬೇಕಿದ್ದರೆ ಅದನ್ನೇ, ನಿಧಾನವಾಗಿ, ಒಂದೇ ಕ್ರಮದಲ್ಲಿ, ಹೆಜ್ಜೆಗಳನ್ನು ಬರೆದಿಟ್ಟುಕೊಂಡು ಅಭ್ಯಾಸ ಮಾಡುವುದು ಹೆಚ್ಚು ಫಲ ಕೊಡುತ್ತದೆ. ಹಿರಿಯರಿಗೆ ಅತಿ ಕಷ್ಟವಾಗುವುದು ಹೊಸತು ಮತ್ತು ಅವಸರ ಎರಡೂ ಕೂಡಿದಾಗ. ಈಗಲೇ ಒಟಿಪಿ ಹೇಳಿ ಎಂದು ಗದರುವ ವಂಚಕನ ಕರೆಯಲ್ಲಿ ಅವೆರಡೂ ಇರುತ್ತವೆ. ಕರೆ ಕತ್ತರಿಸಿ, ಅರ್ಧ ಗಂಟೆ ಬಿಟ್ಟು, ಮನೆಯವರನ್ನು ಕೇಳಿ ನಿರ್ಧರಿಸುವವರಿಗೆ ಅವರ ಹಳೆಯ ವ್ಯವಹಾರಜ್ಞಾನ ಮತ್ತೆ ಕೈಗೆ ಬರುತ್ತದೆ.

ಮರೆವು ಮುಪ್ಪಿನದೋ ಕಾಯಿಲೆಯದೋ ಎಂದು ಅಳೆಯುವಾಗಲೂ ಈ ವಿಂಗಡಣೆ ನೆರವಾಗುತ್ತದೆ. ಹೊಸ ಯಂತ್ರ ಕಲಿಯಲು ತಡವಾಗುವುದು, ಹೆಸರು ತಡೆದು ನೆನಪಾಗುವುದು ದ್ರವ ಬುದ್ಧಿಯ ಸಹಜ ಇಳಿತ. ನಲವತ್ತು ವರ್ಷ ಮಾಡಿದ ಅಡುಗೆಯ ಕ್ರಮ ತಪ್ಪುವುದು, ಪರಿಚಿತ ಬೀದಿಯಲ್ಲಿ ದಾರಿ ತಪ್ಪುವುದು, ದಿನಬಳಕೆಯ ಮಾತುಗಳೇ ಸಿಗದಿರುವುದು ಹಾಗಲ್ಲ. ಅಲ್ಲಿ ವೈದ್ಯರನ್ನು ಕಾಣಬೇಕು, ಥೈರಾಯ್ಡ್, ಬಿ12 ಕೊರತೆ, ಖಿನ್ನತೆ, ಔಷಧಗಳ ಪರಿಣಾಮದಂಥ ಸರಿಪಡಿಸಬಹುದಾದ ಕಾರಣಗಳನ್ನು ಮೊದಲು ನೋಡಬೇಕು. ಹೋಲಿಕೆ ಆ ವ್ಯಕ್ತಿಯ ಹಿಂದಿನ ಸ್ಥಿತಿಯೊಂದಿಗೆ ಆಗಬೇಕು, ಪಕ್ಕದ ಮನೆಯ ಪದವೀಧರನೊಂದಿಗೆ ಅಲ್ಲ. ಶಾಲೆಗೆ ಹೋಗದ ಹಿರಿಯರಿಗೆ ಓದು ಬರಹ ಬೇಡುವ ಪರೀಕ್ಷೆ ಕೊಟ್ಟರೆ ಸಿಗುವುದು ಅವರ ಬಾಲ್ಯದ ಬಡತನದ ಅಳತೆ. ಭಾರತದಲ್ಲಿ ಈ ದೋಷ ತಪ್ಪಿಸಲು ಬೇಕಾದದ್ದು ಇಲ್ಲಿನದೇ ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಅಧ್ಯಯನ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, ನಲವತ್ತೈದು ದಾಟಿದವರನ್ನು ಪದೇಪದೇ ಪರೀಕ್ಷಿಸುತ್ತ ಅಂಥ ಅಧ್ಯಯನವನ್ನು ನಡೆಸುತ್ತಿದೆ.