ಎಸ್‌ವಿಡಿ: ಚಿತ್ರ ಕುಗ್ಗಿಸುವ ಗಣಿತ ಮತ್ತು ಅದರ ಮಿತಿ

ಕಪ್ಪು-ಬಿಳುಪಿನ ಡಿಜಿಟಲ್ ಚಿತ್ರವೆಂದರೆ ಕಂಪ್ಯೂಟರಿನ ಪಾಲಿಗೆ ಅಂಕಿಗಳ ಕೋಷ್ಟಕ. ಒಂದೊಂದು ಚುಕ್ಕೆಯ ಬೆಳಕನ್ನೂ ಸಾಮಾನ್ಯವಾಗಿ 0ಯಿಂದ 255ರವರೆಗಿನ ಒಂದು ಸಂಖ್ಯೆ ಸೂಚಿಸುತ್ತದೆ. ಗಣಿತದಲ್ಲಿ ಇಂತಹ ಕೋಷ್ಟಕಕ್ಕೆ ಮಾತೃಕೆ ಎಂದು ಹೆಸರು. ಅದನ್ನು ಸರಳ ಪದರಗಳಾಗಿ ಬಿಡಿಸುವ ವಿಧಾನವೇ ಸಿಂಗ್ಯುಲರ್ ವ್ಯಾಲ್ಯೂ ಡಿಕಂಪೊಸಿಷನ್ ಅಥವಾ ಎಸ್‌ವಿಡಿ. ಒಂದು ಕಂಬಸಾಲನ್ನು ಒಂದು ಅಡ್ಡಸಾಲಿನಿಂದ ಗುಣಿಸಿದರೆ ಒಂದು ಪದರ ದೊರೆಯುತ್ತದೆ. ಪ್ರತಿ ಪದರಕ್ಕೂ ಒಂದು ತೂಕವಿದ್ದು, ಅದೇ ಸಿಂಗ್ಯುಲರ್ ಮೌಲ್ಯ.

ಎರಡು ಸಾಲುಗಳ ಪುಟ್ಟ ಮಾತೃಕೆಯೊಂದನ್ನು ಬಿಡಿಸಿ ನೋಡಬಹುದು.

```
A = [3 0]     AᵀA = [25 20]
    [4 5]           [20 25]
```

A ಯ ಅಡ್ಡಸಾಲುಗಳನ್ನು ಕಂಬಸಾಲುಗಳಾಗಿ ಬರೆದರೆ Aᵀ. ಅದನ್ನು A ಯೊಡನೆ ಗುಣಿಸಿದಾಗ ಬರುವ AᵀA, (1, 1) ಎಂಬ ದಿಕ್ಕನ್ನು ತಿರುಗಿಸದೆ 45 ಪಟ್ಟು ಹಿಗ್ಗಿಸುತ್ತದೆ. (1, −1) ದಿಕ್ಕನ್ನು 5 ಪಟ್ಟು ಮಾತ್ರ. ಇವುಗಳ ವರ್ಗಮೂಲಗಳಾದ 6.71 ಮತ್ತು 2.24 ಸಿಂಗ್ಯುಲರ್ ಮೌಲ್ಯಗಳು. A ಯು (1, 1) ದಿಕ್ಕನ್ನು (1, 3) ದಿಕ್ಕಿಗೂ, (1, −1) ದಿಕ್ಕನ್ನು (3, −1) ದಿಕ್ಕಿಗೂ ಒಯ್ಯುತ್ತದೆ. ಎಲ್ಲ ದಿಕ್ಕುಗಳ ಉದ್ದವನ್ನು 1ಕ್ಕೆ ಇಳಿಸಿ, ತೂಕದೊಡನೆ ಗುಣಿಸಿದರೆ ಎರಡು ಪದರಗಳು ಸಿಗುತ್ತವೆ.

```
[3 0]   [1.5 1.5]   [ 1.5 -1.5]
[4 5] = [4.5 4.5] + [-0.5  0.5]
```

A ಯ ಸಂಖ್ಯೆಗಳ ವರ್ಗಗಳ ಮೊತ್ತ 50. ಅದರಲ್ಲಿ 45 ಮೊದಲ ಪದರದ್ದೇ, ಅಂದರೆ ಶೇ. 90. ಹಾಗೆಂದು ಅದೊಂದೇ ಸಾಲದು. 0 ಇದ್ದಲ್ಲಿ 1.5 ಬಂದು ಕುಳಿತಿದೆ. ಆದರೂ ದೋಷಗಳ ವರ್ಗಗಳ ಮೊತ್ತವನ್ನು ಅಳತೆಗೋಲಾಗಿ ಹಿಡಿದರೆ, ಒಂದೇ ಪದರದಲ್ಲಿ ಇದಕ್ಕಿಂತ ಉತ್ತಮ ಅಂದಾಜು ಅಸಾಧ್ಯ. ಇದನ್ನು ಎಕಾರ್ಟ್ ಮತ್ತು ಯಂಗ್ 1936ರಲ್ಲಿ ತೋರಿಸಿದರು.

ಚಿತ್ರಗಳಿಗೂ ಇದೇ ಲೆಕ್ಕ. 512 ಸಾಲು, 512 ಕಂಬಗಳ ಚಿತ್ರದಲ್ಲಿ 2,62,144 ಸಂಖ್ಯೆಗಳಿರುತ್ತವೆ. ಒಂದು ಪದರಕ್ಕೆ ಬೇಕಾದುದು 1,025 ಮಾತ್ರ. ಭಾರವಾದ 50 ಪದರಗಳನ್ನು ಉಳಿಸಿಕೊಂಡರೆ 51,250, ಸುಮಾರು ಐದನೇ ಒಂದು ಭಾಗ.

ಈ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುವುದು ವಾಡಿಕೆ. ಆದರೆ ಅದು ಅರ್ಧಸತ್ಯ. ಮೂಲಚಿತ್ರದ ಪ್ರತಿ ಸಂಖ್ಯೆಗೆ 1 ಬೈಟ್ ಸಾಕು. ಪದರಗಳ ಸಂಖ್ಯೆಗಳಾದರೋ ದಶಮಾಂಶಗಳು. ಒಂದೊಂದಕ್ಕೆ 4 ಬೈಟ್ ಕೊಟ್ಟರೆ 50 ಪದರಗಳಿಗೆ 2,05,000 ಬೈಟ್ ಬೇಕು. 64 ಪದರಗಳಾದರೆ ಕಡತವು ಮೂಲಕ್ಕಿಂತಲೂ ದೊಡ್ಡದು! ಸಂಖ್ಯೆಗಳನ್ನು ಒರಟಾಗಿ ದುಂಡಾಗಿಸಿದರಷ್ಟೇ ನಿಜವಾದ ಉಳಿತಾಯ.

ಚಿತ್ರದ ಸ್ವರೂಪವೂ ಮುಖ್ಯ. ಕಿಟಕಿಯ ಸರಳುಗಳಂತೆ ನೆಟ್ಟಗಿನ ಗೆರೆಗಳಷ್ಟೇ ಇದ್ದರೆ ಒಂದೇ ಪದರ ಸಾಕು. ಮೂಲೆಯಿಂದ ಮೂಲೆಗೆ ಎಳೆದ ಒಂದು ಚುಕ್ಕೆ ದಪ್ಪದ ಗೆರೆಗೆ 512 ಪದರಗಳೂ ಬೇಕು, ಏಕೆಂದರೆ ಅಲ್ಲಿ ಎಲ್ಲ ತೂಕಗಳೂ ಸಮ. ತೂಕಗಳು ಬೇಗನೆ ಇಳಿಯದಿದ್ದರೆ ಎಸ್‌ವಿಡಿಯಿಂದ ಲಾಭವಿಲ್ಲವೆಂದು ತಿಳಿಯಬೇಕು. ಪದರಗಳು ಕಡಿಮೆಯಾದಾಗ ಚಿತ್ರದ ಮೇಲೆ ಅಡ್ಡ-ಉದ್ದ ಪಟ್ಟೆಗಳ ಛಾಯೆ ಮೂಡುತ್ತದೆ. ಜೆಪೆಗ್ ಮಾದರಿಯು 8×8 ಚುಕ್ಕೆಗಳ ತುಂಡುಗಳಿಗೆ ಮೊದಲೇ ಗೊತ್ತುಪಡಿಸಿದ ವಿನ್ಯಾಸಗಳನ್ನು ಬಳಸುತ್ತದೆ. ಆ ವಿನ್ಯಾಸಗಳನ್ನು ಪ್ರತಿ ಕಡತದಲ್ಲೂ ತುಂಬಿಸುವ ಹೊರೆ ಅದಕ್ಕಿಲ್ಲ.