ಬೋರ್‌ವೆಲ್ ನೀರಲ್ಲಿ ಬೇಳೆ ಯಾಕೆ ಬೇಯಲ್ಲ? ಉಪ್ಪು, ನೆನೆಸುವುದು, ಸೋಡಾ: ಯಾವುದರಿಂದ ಎಷ್ಟು ಪ್ರಯೋಜನ?

ಬಂಟ್ವಾಳ: ಕುಕ್ಕರ್‌ನಲ್ಲಿ ಐದಾರು ವಿಸಿಲ್ ಆದ್ರೂ ಬೇಳೆ ನುಣ್ಣಗಾಗದೆ, ನೀರು ಬೇರೆ ಬೇಳೆ ಬೇರೆಯಾಗಿ ನಿಂತರೆ ಮೊದಲ ದೂರು ಹೋಗುವುದು ಅಂಗಡಿಯವರಿಗೆ. ಅಂಗಡಿಯವರು ಹೇಳುವುದು "ನಿಮ್ಮ ಬೋರ್‌ವೆಲ್ ನೀರು ಸರಿ ಇಲ್ಲ" ಅಂತ. ಇಬ್ಬರ ಮಾತೂ ನಿಜ ಇರಬಹುದು. ಬೇಳೆ ಬೇಯದಿರಲು ಮುಖ್ಯ ಕಾರಣ ಎರಡು. ಒಂದು ಗಡಸು ನೀರು, ಇನ್ನೊಂದು ಹಳೇ ಬೇಳೆ. ಎರಡರ ಲಕ್ಷಣವೂ ಒಂದೇ ಥರ ಕಾಣುತ್ತದೆ, ಪರಿಹಾರ ಮಾತ್ರ ಬೇರೆ ಬೇರೆ. ಯಾವುದು ಅಂತ ಮನೆಯಲ್ಲೇ ಪತ್ತೆ ಮಾಡಲು ಅರ್ಧ ಗಂಟೆ ಸಾಕು.

ನಮ್ಮ ಕಡೆ ನೀರು ಎಲ್ಲಾ ಕಡೆ ಗಡಸು ಅಲ್ಲ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ತಾಲೂಕುಗಳು ಜೋರು ಮಳೆ ಬೀಳುವ, ಮುರಕಲ್ಲಿನ ಪ್ರದೇಶ. ಸಾವಿರಾರು ವರ್ಷಗಳ ಮಳೆ ಇಲ್ಲಿನ ಮೇಲ್ಮಣ್ಣಿನಲ್ಲಿದ್ದ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗಿದೆ. ಹಾಗಾಗಿ ತೆರೆದ ಬಾವಿಯ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಆಮ್ಲೀಯ ಕೂಡ. ನೇತ್ರಾವತಿಯ ನೀರೂ ಮೆದುವೇ.

ಬೋರ್‌ವೆಲ್ ಕಥೆ ಬೇರೆ. ಮುರಕಲ್ಲು ದಾಟಿ ಕೆಳಗಿನ ಗಟ್ಟಿ ಬಂಡೆಯ ಬಿರುಕುಗಳಲ್ಲಿ ನೀರು ಬಹಳ ಕಾಲ ನಿಂತಿರುತ್ತದೆ. ಆ ಹೊತ್ತಿನಲ್ಲಿ ಬಂಡೆಯಿಂದ ಕ್ಯಾಲ್ಸಿಯಂ, ಮೆಗ್ನೀಷಿಯಂ ಕರಗಿ ನೀರಿಗೆ ಸೇರುತ್ತವೆ. ಇವೆರಡು ಹೆಚ್ಚಿರುವ ನೀರೇ ಗಡಸು ನೀರು. ಒಂದೇ ಊರಿನ ಎರಡು ಬೋರ್‌ವೆಲ್‌ಗಳಲ್ಲಿ ಒಂದರ ನೀರು ಮೆದು, ಇನ್ನೊಂದರದ್ದು ಗಡಸು ಇರಬಹುದು. ಮಳೆಗಾಲದಲ್ಲಿ ಬಾವಿ ನೀರಿನಲ್ಲಿ ಚೆನ್ನಾಗಿ ಬೆಂದ ಬೇಳೆ, ಬಾವಿ ಬತ್ತಿ ಬೋರ್‌ವೆಲ್‌ಗೆ ಹೋದ ಏಪ್ರಿಲ್-ಮೇ ತಿಂಗಳಲ್ಲಿ ಬೇಯದೇ ಇರುವುದಕ್ಕೆ ಇದೂ ಒಂದು ಕಾರಣ.

ನೀರು ಕೆಂಪಾಗಿದ್ದರೆ ಅದು ಗಡಸು ಅಂತ ಅರ್ಥವಲ್ಲ. ಆ ಬಣ್ಣ ಕಬ್ಬಿಣದ್ದು. ಗಡಸು ನೀರಿನ ಗುರುತು ಎಂದರೆ ಸೋಪಿಗೆ ನೊರೆ ಬಾರದಿರುವುದು, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದು. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರ್‌ಗೆ 200 ಮಿಲಿಗ್ರಾಂ ಗಡಸುತನದವರೆಗೆ ಒಳ್ಳೆಯದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಅಂದರೆ ಕುಡಿಯಲು ತೊಂದರೆ ಇಲ್ಲದ ನೀರು ಕೂಡ ಬೇಳೆ ಬೇಯಿಸಲು ಕಷ್ಟ ಕೊಡಬಹುದು.

ಬೇಳೆಯೊಳಗೆ ಏನಾಗುತ್ತದೆ?

ಬೇಳೆ ಅಂದರೆ ಸಣ್ಣ ಸಣ್ಣ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿದ ಹಾಗೆ. ಆ ಅಂಟಿನ ಹೆಸರು ಪೆಕ್ಟಿನ್. ಬೇಯುವುದು ಎಂದರೆ ಬಿಸಿ ನೀರಿನಲ್ಲಿ ಈ ಅಂಟು ಕರಗಿ ಕೋಶಗಳು ಬಿಡಿಬಿಡಿ ಆಗುವುದು. ಆಗಲೇ ಬೇಳೆ ಒಡೆದು ತೊವ್ವೆ ಮಂದವಾಗುತ್ತದೆ.

ಕ್ಯಾಲ್ಸಿಯಂ ಈ ಅಂಟಿನ ಎಳೆಗಳ ನಡುವೆ ಕೂತು ಅವುಗಳನ್ನು ಹೊಲಿದ ಹಾಗೆ ಬಿಗಿ ಮಾಡುತ್ತದೆ. ಮೆಗ್ನೀಷಿಯಂ ಕೂಡ ಸ್ವಲ್ಪ ಮಟ್ಟಿಗೆ ಹಾಗೇ. ಬಿಗಿದ ಅಂಟು ಬೇಗ ಕರಗಲ್ಲ. ಎಷ್ಟು ಕುದಿಸಿದರೂ ಬೇಳೆ ಆಕಾರ ಬಿಡದೆ ಕಾಳು ಕಾಳಾಗಿ ಉಳಿಯುವುದು ಇದರಿಂದ.

ಒಂದು ಲೆಕ್ಕ ಹೀಗಿದೆ. ಒಂದು ಕಪ್, ಅಂದರೆ ಸುಮಾರು 200 ಗ್ರಾಂ ತೊಗರಿಬೇಳೆಯಲ್ಲಿ ಅದರದ್ದೇ ಕ್ಯಾಲ್ಸಿಯಂ ಸುಮಾರು 140 ಮಿಲಿಗ್ರಾಂ ಇರುತ್ತದೆ. ಅದನ್ನು ಬೇಯಿಸಲು 700 ಮಿಲಿಲೀಟರ್ ನೀರು ಹಾಕಿದರು ಎಂದುಕೊಳ್ಳಿ. ನೀರಿನ ಗಡಸುತನ ಲೀಟರ್‌ಗೆ 300 ಮಿಲಿಗ್ರಾಂ ಇದ್ದು ಅದೆಲ್ಲ ಕ್ಯಾಲ್ಸಿಯಂನದ್ದೇ ಆದರೆ, ಆ ನೀರಿನಿಂದಲೇ ಇನ್ನೂ 84 ಮಿಲಿಗ್ರಾಂ ಪಾತ್ರೆಗೆ ಬರುತ್ತದೆ. ಗಡಸುತನ 30 ಮಾತ್ರ ಇರುವ ಬಾವಿ ನೀರಾದರೆ ಬರುವುದು 8 ಮಿಲಿಗ್ರಾಂ ಅಷ್ಟೇ. ಬೇಳೆಯ ಸ್ವಂತ ಕ್ಯಾಲ್ಸಿಯಂನಲ್ಲಿ ಒಂದಷ್ಟು ಫೈಟೇಟ್ ಎಂಬ ವಸ್ತುವಿನ ಹಿಡಿತದಲ್ಲಿರುತ್ತದೆ, ಹಾಗಾಗಿ ಅಷ್ಟು ತೊಂದರೆ ಕೊಡಲ್ಲ. ನೀರಿನದ್ದು ಮುಕ್ತವಾಗಿರುತ್ತದೆ.

ಹಳೇ ಬೇಳೆಯ ಸಮಸ್ಯೆ

ಆ ಫೈಟೇಟ್ ಬಿಸಿ ಮತ್ತು ತೇವದಲ್ಲಿ ತಿಂಗಳುಗಟ್ಟಲೆ ಇದ್ದರೆ ನಿಧಾನಕ್ಕೆ ಒಡೆಯುತ್ತದೆ. ಆಗ ಅದು ಹಿಡಿದುಕೊಂಡಿದ್ದ ಕ್ಯಾಲ್ಸಿಯಂ ಬಿಟ್ಟುಹೋಗಿ ಅಂಟಿಗೆ ಸೇರುತ್ತದೆ. ಅಂದರೆ ಗಡಸು ನೀರು ಹೊರಗಿನಿಂದ ಮಾಡುವ ಕೆಲಸ ಬೇಳೆಯೊಳಗೇ ಆಗಿಬಿಡುತ್ತದೆ. ಕರಾವಳಿಯ ಸೆಕೆ ಮತ್ತು ಮಳೆಗಾಲದ ತೇವ ಇದಕ್ಕೆ ಹೇಳಿ ಮಾಡಿಸಿದ ವಾತಾವರಣ. ಇಂಥ ಬೇಳೆಯನ್ನು ಎಷ್ಟು ಒಳ್ಳೆಯ ನೀರಿನಲ್ಲಿ ಬೇಯಿಸಿದರೂ ತಡವಾಗಿಯೇ ಬೇಯುತ್ತದೆ.

ಯಾವುದು ಕಾರಣ? ಹೀಗೆ ನೋಡಿ

ಮೂರು ಸಣ್ಣ ಸ್ಟೀಲ್ ಡಬ್ಬಿ ತೆಗೆದುಕೊಂಡು ಪ್ರತಿಯೊಂದಕ್ಕೂ ಎರಡು ದೊಡ್ಡ ಚಮಚ ಅದೇ ಬೇಳೆ ಹಾಕಿ. ಮೊದಲನೆಯದಕ್ಕೆ ಮನೆಯ ಬೋರ್‌ವೆಲ್ ನೀರು. ಎರಡನೆಯದಕ್ಕೆ ಅಷ್ಟೇ ಅಳತೆಯ ಮಳೆ ನೀರು, ಫಿಲ್ಟರ್ (ಆರ್‌ಒ) ನೀರು ಅಥವಾ ಬಾಟಲಿ ನೀರು. ಮೂರನೆಯದಕ್ಕೆ ಬೋರ್‌ವೆಲ್ ನೀರು ಮತ್ತು ಎರಡು ಬೆರಳಲ್ಲಿ ಹಿಡಿಯುವಷ್ಟು ಸಣ್ಣ ಚಿಟಿಕೆ ಅಡುಗೆ ಸೋಡಾ. ಮುಚ್ಚಳ ಹಾಕಿ ಮೂರನ್ನೂ ಒಂದೇ ಕುಕ್ಕರ್‌ನಲ್ಲಿಟ್ಟು ಎರಡು ವಿಸಿಲ್ ಮಾತ್ರ ಹಾಕಿಸಿ. ಹೆಚ್ಚು ಬೇಯಿಸಿದರೆ ಮೂರೂ ಮೆತ್ತಗಾಗಿ ವ್ಯತ್ಯಾಸ ಗೊತ್ತಾಗಲ್ಲ. ತಣಿದ ಮೇಲೆ ಬೇಳೆಯನ್ನು ಬೆರಳಿನಲ್ಲಿ ಹಿಚುಕಿ ನೋಡಿ.

ಎರಡನೆಯದು ಮೆತ್ತಗಾಗಿ ಮೊದಲನೆಯದು ಗಟ್ಟಿ ಇದ್ದರೆ ತಪ್ಪು ನೀರಿನದ್ದು. ಮೊದಲೆರಡೂ ಗಟ್ಟಿ ಇದ್ದರೆ ತಪ್ಪು ಬೇಳೆಯದ್ದು. ಮೂರನೆಯದು ಮಾತ್ರ ಬೆಂದಿದ್ದರೆ ಬೇಳೆ ಹಳೆಯದು, ಆದರೆ ಸೋಡಾದಿಂದ ಕೆಲಸ ನಡೆಯುತ್ತದೆ ಎಂದರ್ಥ. ಗಡಸುತನ ಎಷ್ಟು ಅಂತ ಅಂಕಿಯಲ್ಲೇ ಬೇಕಿದ್ದರೆ ಜಲ ಜೀವನ್ ಮಿಷನ್‌ನಡಿ ಹಳ್ಳಿಗಳಿಗೆ ಕೊಡುವ ನೀರು ಪರೀಕ್ಷಾ ಕಿಟ್‌ನಲ್ಲಿ ಈ ಪರೀಕ್ಷೆಯೂ ಸೇರಿದೆ. ಗ್ರಾಮ ಪಂಚಾಯತ್‌ನಲ್ಲಿ ವಿಚಾರಿಸಬಹುದು.

ಉಪ್ಪು: ಬೇಯದ ಹಾಗೆ ಮಾಡುತ್ತದಾ?

"ಮೊದಲೇ ಉಪ್ಪು ಹಾಕಿದ್ರೆ ಬೇಳೆ ಬೇಯಲ್ಲ" ಅನ್ನೋ ಮಾತು ಮನೆಮನೆಯಲ್ಲೂ ಇದೆ. ಇದರಲ್ಲಿ ಅರ್ಧ ಮಾತ್ರ ಸತ್ಯ. ಉಪ್ಪು ಹಾಕಿದ ನೀರನ್ನು ಕಾಳು ಸ್ವಲ್ಪ ನಿಧಾನಕ್ಕೆ ಹೀರುತ್ತದೆ, ಆದರೆ ಬೇಯುವುದನ್ನು ಉಪ್ಪು ತಡೆಯುವುದಿಲ್ಲ. ಬದಲಿಗೆ ಉಪ್ಪಿನಲ್ಲಿರುವ ಸೋಡಿಯಂ, ಅಂಟಿನಲ್ಲಿ ಕೂತ ಕ್ಯಾಲ್ಸಿಯಂ ಅನ್ನು ಸರಿಸಿ ತಾನು ಆ ಜಾಗಕ್ಕೆ ಬರುತ್ತದೆ. ಸೋಡಿಯಂಗೆ ಹಾಗೆ ಹೊಲಿದು ಬಿಗಿಯುವ ಶಕ್ತಿ ಇಲ್ಲ.

ಹಾಗಾಗಿ ಉಪ್ಪಿನ ನಿಜವಾದ ಉಪಯೋಗ ನೆನೆಸುವಾಗ. ಒಂದು ಲೀಟರ್ ನೀರಿಗೆ ಎರಡು ಟೀ ಚಮಚ, ಅಂದರೆ ಸುಮಾರು 10 ಗ್ರಾಂ ಪುಡಿ ಉಪ್ಪು ಸಾಕು. ಕಡಲೆ, ಅಲಸಂಡೆ, ಹುರುಳಿಯಂಥ ಸಿಪ್ಪೆ ಇರುವ ಕಾಳಿನಲ್ಲಿ ಇದರ ಫಲ ಚೆನ್ನಾಗಿ ಕಾಣುತ್ತದೆ, ಯಾಕೆಂದರೆ ಗಟ್ಟಿಯಾಗಿ ಉಳಿಯುವುದು ಹೆಚ್ಚಾಗಿ ಸಿಪ್ಪೆ.

ನಿಜವಾಗಿ ಬೇಯುವುದನ್ನು ತಡೆಯುವುದು ಹುಳಿ. ಹುಣಸೆ, ಟೊಮೆಟೊ, ಪುನರ್ಪುಳಿ, ಬಿಂಬುಳಿ ಯಾವುದೇ ಇರಲಿ, ಹುಳಿಯಲ್ಲಿ ಅಂಟು ಕರಗುವುದೇ ಇಲ್ಲ ಅನ್ನುವಷ್ಟು ನಿಧಾನ. ಬೆಲ್ಲವೂ ತಡ ಮಾಡುತ್ತದೆ. ಇವೆಲ್ಲ ಬೇಳೆ ಬೆಂದ ಮೇಲೆಯೇ ಹಾಕಬೇಕು. ಒಂದು ಚಮಚ ಎಣ್ಣೆ ಹಾಕುವುದು ನೊರೆ ಉಕ್ಕದಿರಲು, ಬೇಳೆ ಬೇಯಲು ಅಲ್ಲ.

ನೆನೆಸುವುದು: ಯಾವ ನೀರಿನಲ್ಲಿ ಅನ್ನುವುದೇ ಮುಖ್ಯ

ನೆನೆಸಿದರೆ ನೀರು ಕಾಳಿನ ನಡುವಿನವರೆಗೂ ಹೋಗಿ ಬೇಯುವ ಹೊತ್ತು ಕಡಿಮೆಯಾಗುತ್ತದೆ. ಸಿಪ್ಪೆ ತೆಗೆದ ತೊಗರಿಬೇಳೆಗೆ ಅರ್ಧದಿಂದ ಒಂದು ಗಂಟೆ ಸಾಕು. ಇಡೀ ಕಾಳಿಗೆ ರಾತ್ರಿಯಿಡೀ ಬೇಕು. ಆದರೆ ಗಡಸು ನೀರಿನಲ್ಲೇ ನೆನೆಸಿದರೆ ಕ್ಯಾಲ್ಸಿಯಂ ಕೂಡ ನೀರಿನ ಜೊತೆ ಒಳಗೆ ಹೋಗಿಬಿಡುತ್ತದೆ. ಮೆದು ನೀರು ಸ್ವಲ್ಪವೇ ಇದ್ದರೂ ಅದನ್ನು ನೆನೆಸಲು ಮತ್ತು ಬೇಯಿಸಲು ಇಟ್ಟುಕೊಂಡು, ತೊಳೆಯಲು ಬೋರ್‌ವೆಲ್ ನೀರು ಬಳಸುವುದು ಲಾಭ.

ಮೆದು ನೀರು ಸಿಗದಿದ್ದರೆ ಬೋರ್‌ವೆಲ್ ನೀರನ್ನು ಹತ್ತು ನಿಮಿಷ ಚೆನ್ನಾಗಿ ಕುದಿಸಿ, ತಣಿಸಿ, ಬಿಳಿ ಪುಡಿ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿ ನೀರನ್ನು ಮಾತ್ರ ಬಗ್ಗಿಸಿಕೊಳ್ಳಬಹುದು. ಕುದಿಸಿದಾಗ ಬಿಳಿ ಪುಡಿ ಕಾಣಿಸಿಕೊಳ್ಳುವ ನೀರಿಗೆ ಮಾತ್ರ ಈ ಉಪಾಯ. ಕೆಲವು ನೀರಿನ ಗಡಸುತನ ಕುದಿಸಿದರೂ ಹೋಗುವುದಿಲ್ಲ.

ಅಡುಗೆ ಸೋಡಾ: ಕೆಲಸ ಮಾಡುತ್ತದೆ, ಅಳತೆ ಮೀರಬಾರದು

ಮೂರರಲ್ಲಿ ಅತಿ ಬೇಗ ಫಲ ಕೊಡುವುದು ಸೋಡಾ. ಅದು ಎರಡು ಕೆಲಸ ಮಾಡುತ್ತದೆ. ಕುದಿಯುವ ನೀರಿನಲ್ಲಿರುವ ಕ್ಯಾಲ್ಸಿಯಂ ಅನ್ನು ಕರಗದ ಬಿಳಿ ಪುಡಿಯಾಗಿ ಬೇರ್ಪಡಿಸುತ್ತದೆ. ಜೊತೆಗೆ ನೀರನ್ನು ಕ್ಷಾರ ಮಾಡಿ ಅಂಟನ್ನು ನೇರವಾಗಿ ತುಂಡರಿಸುತ್ತದೆ. ಎರಡನೇ ಗುಣದಿಂದಲೇ ಹಳೇ ಬೇಳೆಗೂ ಇದು ಸ್ವಲ್ಪ ಉಪಕಾರಿ.

200 ಗ್ರಾಂ ಬೇಳೆಗೆ ಕಾಲು ಟೀ ಚಮಚದ ಅರ್ಧ, ಅಂದರೆ ಸುಮಾರು ಅರ್ಧ ಗ್ರಾಂ ಸಾಕು. ಮೇಲೆ ಹೇಳಿದ 300ರ ಗಡಸುತನದ 700 ಮಿಲಿಲೀಟರ್ ನೀರಿಗೂ ಅಷ್ಟು ಸಾಲುತ್ತದೆ. ಹೆಚ್ಚಾದರೆ ಸಾರಿಗೆ ಸೋಪಿನ ವಾಸನೆ, ಬಾಯಲ್ಲಿ ಲೋಳೆ ಲೋಳೆ ಅನುಭವ, ಬೇಳೆಯ ಬಣ್ಣವೂ ಮಂಕು. ಬೇಳೆಯಲ್ಲಿರುವ ಬಿ1 ಜೀವಸತ್ವ ಕ್ಷಾರದಲ್ಲಿ ನಾಶವಾಗುತ್ತದೆ. ಸೋಡಾದಲ್ಲೂ ಸೋಡಿಯಂ ಇರುವುದರಿಂದ ಬಿಪಿ, ಕಿಡ್ನಿ ಸಮಸ್ಯೆಗೆ ಉಪ್ಪು ಕಡಿಮೆ ಮಾಡಿರುವವರು ದಿನಾ ಬಳಸುವುದು ಬೇಡ. ನೀರು ಮೊದಲೇ ಮೆದು ಇದ್ದು ಬೇಳೆ ಹೊಸತಾಗಿದ್ದರೆ ಸೋಡಾದ ಅಗತ್ಯವೇ ಇಲ್ಲ. ಬೇಕಿಂಗ್ ಪೌಡರ್ ಬೇರೆ ವಸ್ತು, ಅದರಲ್ಲಿ ಹುಳಿಯೂ ಇರುವುದರಿಂದ ಇದಕ್ಕೆ ಆಗಲ್ಲ. ಬಟ್ಟೆ ಸೋಡಾವನ್ನಂತೂ ಅಡುಗೆಗೆ ಹಾಕಲೇಬಾರದು.

ಅಂಗಡಿಯವರಿಗೆ

ಬೇಳೆ ಮೂಟೆಯನ್ನು ನೆಲಕ್ಕೆ, ಗೋಡೆಗೆ ತಾಗಿಸಿ ಇಡದೆ ಮರದ ಹಲಗೆ ಮೇಲಿಟ್ಟು, ಶೀಟ್ ಮಾಡಿನ ಬಿಸಿ ತಟ್ಟದ ಕಡೆ ಇಡುವುದು ಒಳ್ಳೆಯದು. ಬಂದ ದಿನಾಂಕ ಮೂಟೆ ಮೇಲೆ ಬರೆದು ಹಳೆಯದನ್ನು ಮೊದಲು ಮಾರಿ, ಹೊಸತರ ಜೊತೆ ಬೆರೆಸಬೇಡಿ. ಬೆರೆಸಿದರೆ ಒಂದೇ ಪಾತ್ರೆಯಲ್ಲಿ ಅರ್ಧ ಬೇಳೆ ಕರಗಿ ಅರ್ಧ ಗಟ್ಟಿ ಉಳಿಯುತ್ತದೆ. ಗಿರಾಕಿ ದೂರು ತಂದರೆ ಅದೇ ಮೂಟೆಯಿಂದ ಒಂದು ಹಿಡಿ ಬೇಳೆಯನ್ನು ಮೆದು ನೀರಿನಲ್ಲಿ ಬೇಯಿಸಿ ನೋಡಿದರೆ ಸಾಕು. ಅದು ಬೆಂದರೆ ಮೂಟೆ ಸರಿ ಇದೆ, ನೋಡಬೇಕಾದದ್ದು ಗಿರಾಕಿಯ ಮನೆಯ ನೀರು. ಬೇಯದಿದ್ದರೆ ಆ ಮೂಟೆಯನ್ನು ಬದಲಿಸಿಕೊಡುವುದೇ ದಾರಿ.